ಗೋಡೆಗೆ ಬಣ್ಣ ಬಳಿಯುವ ಬಗ್ಗೆ

ನಮ್ಮ ಭಾವನಿಗೆ ಆಫೀಸಿನಲ್ಲಿ ‘ಪೀಠಿಕೆ’ ಎಂದು ಹೆಸರಿಟ್ಟವಳು ನಾನೇ. ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯರು, ಹಾಗೆಲ್ಲ ಕರೆಯಬಾರದು ಎಂದು ಅಕ್ಕ ಬೈದಳು. ಆದರೆ ಹೆಸರು ಇಟ್ಟ ಮೇಲೆ ಅದು ನನ್ನ ಕೈಯಲ್ಲಿ ಉಳಿಯಲಿಲ್ಲ. ವಾಚ್‌ಮನ್‌ಗಳೂ ಪೀಠಿಕೆ ಸಾರ್ ಬಂದ್ರು ಎನ್ನತೊಡಗಿದರು. ಭಾವ ಬೇಜಾರು ಮಾಡಿಕೊಳ್ಳುವ ಜಾತಿಯವರಲ್ಲ. ಜಗತ್ತಿನಲ್ಲಿ ಬೇರೆಯವರಿಗೆ ಬೇಜಾರಾದೀತು ಎಂಬ ಒಂದೇ ಭಯ ಅವರದು.

ಒಮ್ಮೆ ಅಕ್ಕ ಹಾಲು ಒಲೆಯ ಮೇಲಿಟ್ಟು ಒಳಗೆ ಬಟ್ಟೆ ಮಡಚುತ್ತಿದ್ದಳು. ಭಾವ ಬಾಗಿಲಲ್ಲಿ ಬಂದು ನಿಂತರು. “ನೋಡು, ನೀನು ಕೆಲಸದಲ್ಲಿದ್ದೀಯ, ತೊಂದರೆ ಕೊಡೋಕೆ ನನಗೆ ಮನಸ್ಸಿಲ್ಲ. ಬೆಳಿಗ್ಗೆಯಿಂದ ಒಂದು ಗಳಿಗೆ ಕೂತಿಲ್ಲ ನೀನು, ಅದೂ ಗೊತ್ತು. ಹೇಳಬೇಕೋ ಬೇಡವೋ ಅಂತ ಯೋಚನೆ ಮಾಡಿದೆ…” ಎಂದು ಶುರು ಮಾಡಿದರು. ಹಾಲು ಎನ್ನುವ ಮಾತು ಬಾಯಿಗೆ ಬರುವಷ್ಟರಲ್ಲಿ ಹಾಲು ಒಲೆಯಿಂದ ಇಳಿದು ನೆಲದ ಮೇಲೆ ಹರಿಯುತ್ತಿತ್ತು. ಒಲೆ ಆರಿಸಬಹುದಿತ್ತಲ್ಲ ಎಂದು ಅಕ್ಕ ಕಿರುಚಿದರೆ, ನಿನ್ನ ಅಡುಗೆಮನೆಯಲ್ಲಿ ಕೇಳದೆ ಕೈ ಹಾಕೋದು ಸರಿಯಾ ಎಂದರು. ಇಂಥವರನ್ನು ಏನು ಮಾಡುವುದು, ಹೇಳಿ!

ನಾವಿಬ್ಬರೂ ಒಂದೇ ಕಡೆ ಕೆಲಸ ಮಾಡುತ್ತಿದ್ದೆವು. ಊರಿನ ಕೆಲವು ಎತ್ತರದ ವಸತಿ ಕಟ್ಟಡಗಳ ನೀರು, ಲಿಫ್ಟು, ದೀಪ, ಕಸ ಎಲ್ಲವನ್ನೂ ನೋಡಿಕೊಳ್ಳುವ ಆಫೀಸು ನಮ್ಮದು. ಕಟ್ಟಡಗಳು ಒಂದೊಂದು ದಿಕ್ಕಿಗೆ, ಆಫೀಸು ಇನ್ನೊಂದು ದಿಕ್ಕಿಗೆ. ದೂರು ಕೇಳುವುದು ನನ್ನ ಕೆಲಸ. ದಿನವಿಡೀ ಫೋನಿನಲ್ಲಿ ಬೈಸಿಕೊಂಡು ನನ್ನ ನಾಲಿಗೆ ಹರಿತವಾಯಿತು ಎಂದು ಅಕ್ಕ ಹೇಳುತ್ತಾಳೆ. ಸುಳ್ಳು, ಅದು ಮೊದಲೇ ಹಾಗಿತ್ತು. ಭಾವನ ಕೆಲಸ, ಏನಾದರೂ ನಿಲ್ಲುವುದಿದ್ದರೆ, ಕೆಡುವುದಿದ್ದರೆ, ಬದಲಾಗುವುದಿದ್ದರೆ ಮನೆಮನೆಗೂ ಇಮೇಲ್ ಮಾಡಿ ಮುಂಚಿತವಾಗಿ ತಿಳಿಸುವುದು. ಹಾಲಿನ ಸುದ್ದಿ ತಿಳಿಸಲಾರದವರ ಕೈಗೆ ನೀರಿನ ಸುದ್ದಿ ಕೊಟ್ಟಿದ್ದರು.

ಅವರ ಒಂದು ಅಭ್ಯಾಸ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಹೊಸ ಮೇಲ್ ಬರೆಯಬೇಕಾದರೆ ಎಲ್ಲರ ವಿಳಾಸ ಹಾಕಬೇಕಲ್ಲ? ಯಾರದಾದರೂ ಬಿಟ್ಟುಹೋದರೆ ಅವರಿಗೆ ಅವಮಾನವಾದೀತು ಎಂದು ಇವರಿಗೆ ದಿಗಿಲು. ಅದಕ್ಕೇ ಹಳೆಯ ಮೇಲ್ ಒಂದನ್ನು ತೆರೆದು, ಎಲ್ಲರಿಗೂ ಉತ್ತರಿಸುವ ಗುಂಡಿ ಒತ್ತಿ, ಕೆಳಗಿನದನ್ನು ಅಳಿಸಿ, ಹೊಸ ಸುದ್ದಿ ಬರೆದು ಕಳಿಸುತ್ತಿದ್ದರು. ವಿಳಾಸಗಳೇನೋ ಪುಕ್ಕಟೆ ಸಿಗುತ್ತಿದ್ದವು. ಮೇಲಿನ ವಿಷಯದ ಸಾಲು ಮಾತ್ರ ಹಾಗೇ ಉಳಿಯುತ್ತಿತ್ತು. ನಗರದ ಅಂಚಿನ ಒಂದು ಎತ್ತರದ ಕಟ್ಟಡದವರಿಗೆ ಅವರು ಮೊಟ್ಟಮೊದಲು ಕಳಿಸಿದ್ದು ಸುಣ್ಣಬಣ್ಣದ ಮೇಲ್. ಹಾಗಾಗಿ ಅಂದಿನಿಂದ ಆ ಕಟ್ಟಡದ ಟ್ಯಾಂಕು ತೊಳೆಯುವುದು, ಕರೆಂಟು ಹೋಗುವುದು, ಯಾರದೋ ಬೆಕ್ಕು ಕಳೆದದ್ದು, ಎಲ್ಲ ಸುದ್ದಿಗೂ ಒಂದೇ ತಲೆಬರಹ: ‘ಗೋಡೆಗೆ ಬಣ್ಣ ಬಳಿಯುವ ಬಗ್ಗೆ’.

ಆ ಕಟ್ಟಡದ ಏಳನೇ ಮಹಡಿಯಲ್ಲಿ ಟೀಚರ್ ಇದ್ದರು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಎಲ್ಲರಿಗೂ ಅವರು ಟೀಚರೇ. ಗಾಲಿಕುರ್ಚಿಯಲ್ಲಿ ಓಡಾಟ, ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್. ಮಗಳು ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರಿನಲ್ಲಿ ಕೂರುವವಳು. ಮನೆಯಲ್ಲಿ ಹಗಲು ಹೊತ್ತು ಒಬ್ಬ ಆಯಾ. ಏಳು ಮಹಡಿ ಇಳಿಯಲು ಅವರಿಗೆ ಇದ್ದದ್ದು ಒಂದೇ ದಾರಿ, ಆ ಲಿಫ್ಟು.

ಒಂದು ದಿನ ಲಿಫ್ಟಿನ ರಿಪೇರಿ ಇಟ್ಟುಕೊಂಡಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ಬಂದ್. ಭಾವ ನಾಲ್ಕು ದಿನ ಮೊದಲೇ ಮೇಲ್ ಕಳಿಸಿದ್ದರು, ತಮ್ಮದೇ ಪದ್ಧತಿಯಲ್ಲಿ. ಲಿಫ್ಟಿನ ಬಾಗಿಲಿಗೆ ಚೀಟಿ ಅಂಟಿಸಲಿಲ್ಲವಾ ಎಂದು ನೀವು ಕೇಳಬಹುದು. ಅಂಟಿಸಿದರು, ರಿಪೇರಿಯವರು ಬಂದ ಮೇಲೆ. ಮಗಳು ಅಮ್ಮನನ್ನು ತಯಾರು ಮಾಡಿ ಕುರ್ಚಿ ತಳ್ಳಿಕೊಂಡು ಬಂದು ಗುಂಡಿ ಒತ್ತಿದರೆ, ಲಿಫ್ಟು ಬರಲಿಲ್ಲ. ಅಂದಿನ ಡಯಾಲಿಸಿಸ್ ತಪ್ಪಿತು. ರಿಪೇರಿ ಮುಗಿಯದೆ ಮರುದಿನಕ್ಕೂ ಹೋಯಿತು. ಮರುದಿನ ಟೀಚರಿಗೆ ಮೈಯಲ್ಲಿ ನೀರು ತುಂಬಿ ಉಸಿರು ಮೇಲಕ್ಕೆ ಬರಲಾರದೆ ಹೋಯಿತು. ಅಕ್ಕಪಕ್ಕದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತು ಇಳಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಇಳಿಸಿದರು. ಆದರೆ ಯಾರೋ ಒಬ್ಬರು, ಡಯಾಲಿಸಿಸ್ ಸೂಜಿ ಹಾಕುವ ತೋಳನ್ನೇ ಗಟ್ಟಿಯಾಗಿ ಹಿಡಿದು ಎಳೆದಿದ್ದರು. ಆ ತೋಳನ್ನು ಅಮುಕಬಾರದು, ಎಳೆಯಬಾರದು. ಅದು ಊದಿಕೊಂಡಿತು. ಜೀವ ಉಳಿಯಿತು, ಆದರೆ ತೋಳು ಸರಿಹೋಗುವವರೆಗೆ ಡಯಾಲಿಸಿಸ್‌ಗೆಂದು ಕುತ್ತಿಗೆಯ ಹತ್ತಿರ ನಳಿಕೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ನಿವಾಸಿಗಳ ಸಭೆ ಸೇರಿತು. ನಮಗೆ ಯಾರೂ ಹೇಳಲಿಲ್ಲ ಎಂದು ಮಗಳು ಅತ್ತಳು. ಭಾವ ತಾವು ಕಳಿಸಿದ ಮೇಲನ್ನು ತೆರೆದು ತೋರಿಸಿದರು. ದಿನಾಂಕ ಇತ್ತು, ಹೊತ್ತು ಇತ್ತು, ಅವಳ ವಿಳಾಸವೂ ಇತ್ತು. ಇವರದ್ದೇನೂ ತಪ್ಪಿಲ್ಲ ಎಂದು ಸಭೆ ಹೇಳಿತು. ನನಗೆ ಒಳಗೊಳಗೇ ಸಮಾಧಾನವಾಯಿತು, ಯಾಕೆಂದರೆ ಭಾವನ ಕೆಲಸ ಹೋಗುತ್ತದೆ ಎಂದು ಅಕ್ಕ ಎರಡು ದಿನದಿಂದ ಊಟ ಬಿಟ್ಟಿದ್ದಳು.

“ಗೆದ್ರಲ್ಲ ಭಾವ, ಇನ್ನಾದ್ರೂ ಮುಖ ಎತ್ತಿ,” ಎಂದೆ ಹೊರಗೆ ಬಂದು.

“ಗೆದ್ದಿದ್ದು ಏನಮ್ಮಾ? ಟೀಚರ್ ಆಸ್ಪತ್ರೇಲಿ ಮಲಗಿದ್ದಾರೆ,” ಎಂದರು. ಒಂದೂ ಪೀಠಿಕೆಯಿಲ್ಲದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾರನೇ ದಿನ ನನ್ನನ್ನೂ ಎಳೆದುಕೊಂಡು ಆಸ್ಪತ್ರೆಗೆ ಹೋದರು. ಬೇಡ, ಟೀಚರ್ ಮಗಳು ಉಗಿದಾಳು ಎಂದೆ. ಉಗಿಯಲಿ ಎಂದರು. ಮಗಳು ಉಗಿಯಲಿಲ್ಲ. ಫೋನು ತೆಗೆದು ಇವರ ಮುಂದೆ ಹಿಡಿದಳು.

“ಸಾರ್, ಕಳಿಸಿದೀನಿ ಕಳಿಸಿದೀನಿ ಅಂದ್ರಲ್ಲ, ನನಗೆ ಕಾಣಿಸಿದ್ದು ಇದು. ನೋಡಿ.”

ನಾನೂ ಬಗ್ಗಿ ನೋಡಿದೆ. ಪರದೆಯಲ್ಲಿ ಒಂದು ಸಾಲು: ‘ಗೋಡೆಗೆ ಬಣ್ಣ ಬಳಿಯುವ ಬಗ್ಗೆ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ಮೊದಲ ಮಾತುಗಳು: ‘ಮಾನ್ಯರೇ, ತಾವೂ ತಮ್ಮ ಕುಟುಂಬದವರೂ ಕ್ಷೇಮವಾಗಿದ್ದೀರೆಂದು…’ ಅಷ್ಟಕ್ಕೇ ತುಂಡು. ಒಂದೇ ಹೆಸರಿನ ಮೇಲುಗಳನ್ನೆಲ್ಲ ಫೋನು ಒಂದೇ ಗಂಟಿನಲ್ಲಿ ಕಟ್ಟಿಟ್ಟಿತ್ತು. ಬಿಚ್ಚಿದರೆ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು, ಎಲ್ಲವೂ ಗೋಡೆಗೆ ಬಣ್ಣ, ಎಲ್ಲರೂ ಕ್ಷೇಮ. ಮೊದಮೊದಲು ತೆಗೆದು ಓದುತ್ತಿದ್ದಳಂತೆ. ಬೆಕ್ಕು ಕಳೆದ ಸುದ್ದಿಯ ಮೇಲೆ ಹದಿನಾರು ಜನ ‘ಅಯ್ಯೋ ಪಾಪ’ ಎಂದು ಉತ್ತರಿಸಿದಾಗ, ರೋಸಿಹೋಗಿ ಆ ಗಂಟು ಸದ್ದು ಮಾಡದಂತೆ ಮುಚ್ಚಿಟ್ಟಳು. ಆಮೇಲೆ ಬಂದದ್ದೆಲ್ಲ ಸದ್ದಿಲ್ಲದೆ ಅದರೊಳಗೇ ಹೋಗಿ ಬಿತ್ತು, ಲಿಫ್ಟಿನ ಸುದ್ದಿಯೂ.

ಭಾವ ಆ ಮೇಲನ್ನು ತೆರೆದು ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಹೋದರು. ಕ್ಷೇಮ ಸಮಾಚಾರ, ಹವಾಮಾನ, ತಮ್ಮ ಹಿಂದಿನ ಸಹಕಾರಕ್ಕೆ ಕೃತಜ್ಞತೆ, ಆಗಬಹುದಾದ ಅನಾನುಕೂಲಕ್ಕೆ ಮುಂಗಡ ಕ್ಷಮೆ. ಲಿಫ್ಟು ಎಂಬ ಮಾತು ಎಲ್ಲೋ ತಳದಲ್ಲಿತ್ತು.

“ಕ್ಷೇಮ ವಿಚಾರಿಸ್ತಾನೇ ಕೂತುಬಿಟ್ಟೆ,” ಎಂದರು. “ಇವರ ಕ್ಷೇಮ ಕೆಳಗಿನ ಸಾಲಲ್ಲಿ ಸಾಯ್ತಾ ಬಿದ್ದಿತ್ತು.”

ಹಾಸಿಗೆಯಲ್ಲಿದ್ದ ಟೀಚರ್ ಕಣ್ಣು ಬಿಟ್ಟರು. ದನಿ ಸೋತಿತ್ತು, ಆದರೂ ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿ.

“ನನ್ನ ಹತ್ರ ಕೆಲವು ಮಕ್ಕಳಿದ್ರು. ಪ್ರಶ್ನೆಯನ್ನೇ ಅಂದವಾಗಿ ಪೂರ್ತಿ ಬರೆದು, ಕೆಳಗೆ ಗೆರೆ ಎಳೆದು, ಉತ್ತರಕ್ಕೆ ಬರೋ ಹೊತ್ತಿಗೆ ಗಂಟೆ ಹೊಡೆದಿರ್ತಿತ್ತು. ಒಳ್ಳೆ ಮಕ್ಕಳೇ. ಬೈಯೋಕೆ ಮನಸ್ಸು ಬರ್ತಿರ್ಲಿಲ್ಲ.”

“ನನ್ನನ್ನ ಬೈಯಿರಿ ಟೀಚರ್,” ಎಂದರು ಭಾವ.

“ಬೈಯಲ್ಲ. ತಿದ್ದಿ ಬರ್ಕೊಂಡು ಬನ್ನಿ.”

ಆ ದಿನದಿಂದ ನನ್ನ ಗ್ರಹಚಾರ ಶುರುವಾಯಿತು. ಭಾವ ಒಂದೊಂದು ಮೇಲನ್ನೂ ಮೊದಲು ನನಗೆ ಕಳಿಸುವುದು, ನಾನು ಅದನ್ನು ತೆರೆಯದೆ, ಫೋನಿನಲ್ಲಿ ಕಾಣುವಷ್ಟೇ ಓದಿ ಏನು ಅರ್ಥವಾಯಿತು ಎಂದು ಹೇಳುವುದು. ಮೊದಲನೆಯದು ಬಂತು: ‘ಎಲ್ಲಾ ನಿವಾಸಿಗಳ ಅವಗಾಹನೆಗಾಗಿ ನಿರ್ವಹಣಾ ಕಾಮಗಾರಿಯ ನಿಮಿತ್ತ…’ ಅಲ್ಲಿಗೆ ತುಂಡು.

“ಏನು ಗೊತ್ತಾಯ್ತು?” ಎಂದರು ಆಸೆಯಿಂದ.

“ನಿಮಗೆ ಬುದ್ಧಿ ಬಂದಿಲ್ಲ ಅಂತ ಗೊತ್ತಾಯ್ತು. ನೀರು ನಿಲ್ಲುತ್ತೋ, ಆಕಾಶ ಬೀಳುತ್ತೋ? ಬಾಲದಲ್ಲಿ ಇಟ್ಟಿದ್ದನ್ನ ಫೋನು ಕತ್ತರಿಸಿಬಿಡತ್ತೆ ಭಾವ. ಏನು, ಯಾವತ್ತು, ಅಷ್ಟನ್ನ ತಲೇಲಿ ಇಡಿ.”

ಎರಡು ದಿನ ಬಿಟ್ಟು ಇನ್ನೊಂದು ತುದಿಗೆ ಹೋದರು. ಎಲ್ಲದಕ್ಕೂ ‘ತುರ್ತು! ತುರ್ತು!’ ಕಸದ ಡಬ್ಬಿ ಬದಲಾದರೂ ತುರ್ತು, ಹೂಕುಂಡ ಸರಿಸಿದರೂ ತುರ್ತು. ಎಲ್ಲವೂ ತುರ್ತಾದರೆ ಜನ ಯಾವುದಕ್ಕೂ ಏಳುವುದಿಲ್ಲ ಎಂದು ನಾನು ಮೇಜು ಕುಟ್ಟಿ ಹೇಳಬೇಕಾಯಿತು. ನಿಧಾನವಾಗಿ ದಾರಿಗೆ ಬಂದರು. ಪ್ರತಿ ಸುದ್ದಿಗೂ ಹೊಸ ಮೇಲ್, ಅದರದ್ದೇ ಹೆಸರು. ವಿಳಾಸ ಬಿಟ್ಟುಹೋಗುವ ಭಯಕ್ಕೆ ಕಟ್ಟಡಕ್ಕೊಂದು ಗುಂಪು ಮಾಡಿ ಕೊಟ್ಟೆ. ‘ಮಂಗಳವಾರ ಬೆಳಿಗ್ಗೆ 10ರಿಂದ 1 ನೀರಿಲ್ಲ’ ಎಂದು ಮೇಲೆ, ‘ಸೋಮವಾರ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ’ ಎಂದು ಒಳಗಿನ ಮೊದಲ ಸಾಲು. ಯಾಕೆ, ಏನು, ಎತ್ತ ಎಂಬುದು ಅದರ ಕೆಳಗೆ. ಕ್ಷೇಮ ಸಮಾಚಾರವನ್ನು ಬಿಡಲು ಮಾತ್ರ ಒಪ್ಪಲಿಲ್ಲ. ಕಡೆಯಲ್ಲಾದರೂ ಇರಲಿ ಎಂದು ಗೋಗರೆದರು. ಇರಲಿ ಬಿಡಿ ಎಂದೆ, ಪಾಪ ಅನಿಸಿತು.

ನಿಜವಾದ ಪರೀಕ್ಷೆ ಬಂದದ್ದು ಟೀಚರ್ ಮನೆಗೆ ವಾಪಸಾದ ಮೇಲೆ. ಹಳೇ ಲಿಫ್ಟಿನ ಹಗ್ಗವನ್ನೂ ಮೋಟರನ್ನೂ ಪೂರ್ತಿ ಬದಲಿಸಬೇಕು ಎಂದಾಯಿತು. ಗುರುವಾರದಿಂದ ಭಾನುವಾರದವರೆಗೆ ಲಿಫ್ಟೇ ಇಲ್ಲ. ಗುರುವಾರ ಬೆಳಿಗ್ಗೆ ಟೀಚರಿಗೆ ಡಯಾಲಿಸಿಸ್. ಭಾವ ಎಲ್ಲರಿಗೂ ಮೇಲ್ ಕಳಿಸಿದ ಮೇಲೆ ಮಗಳಿಗೆ ಬೇರೆಯೇ ಒಂದು ಬರೆದರು: ‘ಗುರು-ಭಾನು ಲಿಫ್ಟ್ ಇಲ್ಲ: ಅಮ್ಮನಿಗೆ ಕೆಳಗೆ ಮನೆ ಇದೆ’. ನೆಲಮಹಡಿಯಲ್ಲಿ ಖಾಲಿ ಬಿದ್ದಿದ್ದ ಮನೆಯನ್ನು ಮಾಲೀಕರ ಕಾಲು ಹಿಡಿದು ನಾಲ್ಕು ದಿನಕ್ಕೆ ಕೇಳಿ ಇಟ್ಟಿದ್ದರು. ಬುಧವಾರ ಸಂಜೆ ಬ್ಯಾಂಕಿನಿಂದ ಬಂದು ಇಳಿಸ್ತೀನಿ ಎಂದು ಉತ್ತರ ಬಂತು. ಜೊತೆಗೆ ಒಂದು ಕರಾರು: ಹಿಂದಿನ ಸಲದ ತೋಳಿನ ಅನುಭವ ಸಾಕು, ನಾನಿಲ್ಲದೆ ಅಮ್ಮನನ್ನ ಯಾರೂ ಮುಟ್ಟಕೂಡದು.

ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ ಲಿಫ್ಟಿನ ಮೇಸ್ತ್ರಿ ಫೋನು ಮಾಡಿದ. ಭಾನುವಾರ ಬೇರೆ ಕಡೆ ಕೆಲಸ ಬಂದಿದೆ, ಇವತ್ತೇ ಐದಕ್ಕೆ ನಿಲ್ಲಿಸಿ ಬಿಚ್ಚೋಕೆ ಶುರು ಮಾಡ್ತೀವಿ, ಇಲ್ಲಾಂದ್ರೆ ಇನ್ನು ಬರೋದು ಮುಂದಿನ ತಿಂಗಳು. ಹಗ್ಗ ಅಷ್ಟು ದಿನ ತಡೆಯುವಂತಿರಲಿಲ್ಲ. ಭಾವ ಗೋಗರೆದರು, ನಾನು ಫೋನು ಕಸಿದುಕೊಂಡು ಬೈದೆ, ಎರಡಕ್ಕೂ ಅವನು ಜಗ್ಗಲಿಲ್ಲ. ಮಗಳು ಮನೆಗೆ ಬರುವುದು ಆರೂವರೆಗೆ. ಅಷ್ಟರಲ್ಲಿ ಲಿಫ್ಟು ಬಿಚ್ಚಿ ಹರಡಿರುತ್ತಾರೆ. ಟೀಚರ್ ಮೇಲೇ ಉಳಿದರೆ ಬೆಳಿಗ್ಗೆ ಮತ್ತೆ ಮೆಟ್ಟಿಲು, ಮತ್ತೆ ಪ್ಲಾಸ್ಟಿಕ್ ಕುರ್ಚಿ, ಮತ್ತೆ ಆ ತೋಳು.

ಮಗಳಿಗೆ ಫೋನು ಮಾಡಿದೆವು, ರಿಂಗಾಗಿ ನಿಂತಿತು. ಕೌಂಟರಿನಲ್ಲಿ ಕೂತರೆ ಫೋನು ಡ್ರಾಯರಿನಲ್ಲಿಡಬೇಕಂತೆ. ಬ್ಯಾಂಕಿನ ಫೋನು ಎಂದಿನಂತೆ ಎಂಗೇಜು. ಉಳಿದದ್ದು ಅವಳ ಆಫೀಸಿನ ಮೇಲ್. ಅಲ್ಲಿಗೆ ಬಂದದ್ದು ಅವಳ ಎದುರಿನ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಗಳಿಗೆ ಕಾಣಿಸಿ ಮಾಯವಾಗುತ್ತದೆ ಎಂದು ಅವಳೇ ಹಿಂದೆ ಹೇಳಿದ್ದಳು.

ಭಾವ ಅವಸರದಲ್ಲಿ ಅವಳ ಹಿಂದಿನ ಮೇಲನ್ನೇ ತೆರೆದು ಉತ್ತರದ ಗುಂಡಿ ಒತ್ತಿದರು. ಬೆರಳು ಕೀಲಿಮಣೆಯ ಮೇಲೇ ನಿಂತಿತು.

“ಅಯ್ಯಯ್ಯೋ! ಮೇಲೆ ಗುರುವಾರ ಅಂತಾನೇ ಇರತ್ತೆ. ಹಳೇದೇ ಅಂದ್ಕೊಂಡು ಬಿಟ್ಟಾಳು,” ಎಂದು ಅದನ್ನು ಮುಚ್ಚಿ ಹೊಸದು ತೆಗೆದರು. ನಾನು ಬಾಯಿ ತೆರೆಯುವ ಮೊದಲೇ ಬರೆದಾಗಿತ್ತು:

‘ಬದಲಾಗಿದೆ: ಲಿಫ್ಟ್ ಇವತ್ತೇ 5ಕ್ಕೆ ಬಂದ್, ಅಮ್ಮನನ್ನು ಇಳಿಸಿ’.

ಒಳಗೆ ಮೊದಲ ಸಾಲು: ‘ನೀವು ಬರುವವರೆಗೆ ಯಾರೂ ಮುಟ್ಟುವುದಿಲ್ಲ. ಕೆಳಗಿನ ಮನೆಯ ಕೀಲಿ ವಾಚ್‌ಮನ್ ಹತ್ತಿರ.’ ಕಳಿಸಿದರು. ಉತ್ತರ ಬರಲಿಲ್ಲ. ಕಾದು ಕೂರಲಾಗದೆ ಇಬ್ಬರೂ ಆಟೋ ಹತ್ತಿದೆವು.

ಹೋಗಿ ನೋಡಿದರೆ ಮೇಸ್ತ್ರಿ ಸಾಮಾನೆಲ್ಲ ಲಿಫ್ಟಿನ ಮುಂದೆ ಹರಡಿಕೊಂಡು ಕೂತಿದ್ದ. ಐದಾಗುತ್ತಾ ಬಂತು. ಮಗಳ ಸುಳಿವಿಲ್ಲ. ಟೀಚರ್ ಮನೆಗೆ ಹೋಗಿ ನೋಡಿ ಬಂದೆ. ಆಯಾ ಬ್ಯಾಗು ತುಂಬಿಸುತ್ತಿದ್ದಳು, ಟೀಚರ್ ಕುರ್ಚಿಯ ಪಕ್ಕ ಮಂಚದ ಮೇಲೆ ಸುಮ್ಮನೆ ಕೂತಿದ್ದರು. ಬರ್ತಾಳಾ ಎಂದರು. ಬರ್ತಾಳೆ ಟೀಚರ್ ಎಂದೆ. ನನಗೇ ನಂಬಿಕೆ ಇರಲಿಲ್ಲ.

ಕೆಳಗಿಳಿದು ಬಂದರೆ ಮೇಸ್ತ್ರಿ ಸ್ಪ್ಯಾನರು ಹಿಡಿದು ಎದ್ದಿದ್ದ. ಭಾವ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದಿದ್ದರು.

“ಮೇಸ್ತ್ರಿಗಳೇ, ನಿಮ್ಮ ಕೆಲಸಕ್ಕೆ ಅಡ್ಡಿ ಮಾಡೋದು ನನ್ನ ಉದ್ದೇಶ ಖಂಡಿತ ಅಲ್ಲ. ನಿಮ್ಮಂಥವರಿಂದಲೇ ಇಂಥ ಕಟ್ಟಡಗಳು ನಡೀತಿವೆ. ಬೆಳಿಗ್ಗೆಯಿಂದ ಏನು ತಿಂದ್ರೋ ಏನೋ. ಮನೇಲಿ ಎಲ್ಲಾ ಆರೋಗ್ಯವಾ? ಮಕ್ಕಳೆಷ್ಟು? ದೊಡ್ಡವರು ಏನು ಓದ್ತಿದ್ದಾರೆ?”

“ಸಾರ್, ವಿಷಯಕ್ಕೆ ಬನ್ನಿ,” ಎಂದ ಅವನು.

“ಬಂದೆ ಬಂದೆ. ವಿಷಯ ಅಂದ್ರೆ, ಹೇಳಬೇಕೋ ಬೇಡವೋ ಅಂತ ಯೋಚನೆ ಮಾಡ್ತಿದ್ದೆ…”

ನನ್ನ ಜನ್ಮದಲ್ಲಿ ಆ ಪೀಠಿಕೆಯನ್ನು ನಾನು ಅಷ್ಟು ಪ್ರೀತಿಯಿಂದ ಕೇಳಿದ್ದಿಲ್ಲ. ಬೆಳೆಸಿ ಭಾವ, ಇನ್ನೂ ಬೆಳೆಸಿ ಎಂದು ಒಳಗೇ ಹೇಳಿಕೊಂಡೆ. ಹವಾಮಾನಕ್ಕೆ ಬಂದರು, ಮೇಸ್ತ್ರಿಯ ಅಪ್ಪನ ಮಂಡಿನೋವಿಗೆ ಬಂದರು. ಅವನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ಮಗಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದಳು, ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ ನೇತಾಡುತ್ತಿತ್ತು. ಯಾರ ಮುಖವನ್ನೂ ನೋಡದೆ ಲಿಫ್ಟಿನೊಳಗೆ ಹೋದಳು.

ನಾವೆಲ್ಲ ಮೇಲಿನ ಅಂಕಿಗಳನ್ನೇ ನೋಡುತ್ತಾ ನಿಂತೆವು, ಮೇಸ್ತ್ರಿಯೂ. ಏಳಕ್ಕೆ ಹೋಗಿ ನಿಂತ ಅಂಕಿ ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಆರು ಬಂತು, ಐದು ಬಂತು. ಬಾಗಿಲು ತೆರೆದಾಗ ಟೀಚರ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಆ ತೋಳನ್ನು ಮೆತ್ತನೆಯ ದಿಂಬಿನ ಮೇಲೆ ಇಟ್ಟುಕೊಂಡು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಮೇಸ್ತ್ರಿ ತಾನೇ ಸಾಮಾನು ಸರಿಸಿ ದಾರಿ ಬಿಟ್ಟ.

ಕೆಳಗಿನ ಮನೆಯಲ್ಲಿ ಟೀಚರನ್ನು ಮಲಗಿಸಿ ಮಗಳು ನೀರು ಕುಡಿಯುತ್ತಿದ್ದಳು. ಭಾವ ಮೆಲ್ಲಗೆ ಕೇಳಿದರು.

“ನನ್ನ ಮೇಲ್ ಓದಿದ್ರಾ?”

“ಇಲ್ಲ ಸಾರ್.”

ಭಾವನ ಮುಖ ಇಳಿದುಹೋಯಿತು. “ಓದ್ಲಿಲ್ವಾ?”

“ಎಲ್ಲಿ ಓದೋದು? ಎದುರಿಗೆ ಕ್ಯೂ ನಿಂತಿತ್ತು. ಮೂಲೇಲಿ ಬಂತು, ಹೋಯ್ತು. ಅಷ್ಟರಲ್ಲೇ ಎಲ್ಲಾ ಗೊತ್ತಾಯ್ತಲ್ಲ, ಯಾರೂ ಮುಟ್ಟಲ್ಲ ಅನ್ನೋದು ಕೂಡ. ಪಕ್ಕದವಳಿಗೆ ಕೌಂಟರ್ ಒಪ್ಪಿಸಿ, ಲೆಕ್ಕ ಚುಕ್ತಾ ಮಾಡಿ ಎದ್ದು ಬಂದೆ. ಅದಕ್ಕೇ ಇಷ್ಟು ಹೊತ್ತಾಯ್ತು.” ಫೋನು ತೆಗೆದು ತೋರಿಸಿದಳು. ಭಾವನ ಮೇಲ್ ದಪ್ಪ ಅಕ್ಷರದಲ್ಲಿ ಹಾಗೇ ಇತ್ತು, ತೆರೆಯದೆ. “ನೋಡಿ, ಇನ್ನೂ ತೆಗೆದೇ ಇಲ್ಲ.”

ಭಾವ ಬಗ್ಗಿ ಆ ದಪ್ಪ ಅಕ್ಷರಗಳನ್ನು ಓದಿದರು. ಹಿಂದಿನ ಸಲವೂ ಅವಳು ತೆರೆದಿರಲಿಲ್ಲ. ಮಂಚದ ಮೇಲಿಂದ ಟೀಚರ್, “ಪಾಸು,” ಎಂದರು.

ಆಟೋ ಹಿಡಿದು ಮನೆಗೆ ಬಂದೆವು. ಅಕ್ಕ ಬಾಗಿಲು ತೆರೆದಳು, ಮುಖದಲ್ಲಿ ಜೀವವಿರಲಿಲ್ಲ, ಮಧ್ಯಾಹ್ನ ನಾನು ಫೋನಿನಲ್ಲಿ ವಿಷಯ ಹೇಳಿದಾಗಿನಿಂದ ದೇವರಿಗೆ ಕೈ ಮುಗಿಯುತ್ತಲೇ ಇದ್ದಳಂತೆ. ಭಾವ ಹೊಸ್ತಿಲ ಹೊರಗೇ ನಿಂತು ಹೇಳಿದರು.

“ಟೀಚರ್ ಇಳಿದ್ರು.”

ಆಮೇಲೆ ಚಪ್ಪಲಿ ಬಿಟ್ಟು, ಒಳಗೆ ಬಂದು, ಊಟ ಮಾಡಿದೆಯಾ ಎಂದು ಅವಳನ್ನು ಕೇಳಿದರು.